ಸ್ಪ್ರೇಯರ್ ಬುಕ್ ಮಾಡಿದರೆ ಬೆಲ್ಟ್ ಬಂತು: ಒಂದು ತಪ್ಪು ಪಾರ್ಸೆಲ್‌ನ ಪ್ರಕರಣ

ಅರಸೀಕೆರೆ ತಾಲ್ಲೂಕಿನ ನಮ್ಮ ಊರಿನಲ್ಲಿ ದೊಡ್ಡಪ್ಪ ಅರ್ಧ ಎಕರೆಗೆ ಟೊಮೆಟೊ ಹಾಕಿದ್ದರು. ಜಡಿ ಮಳೆ ಹಿಡಿದು ಎಲೆಗಳ ಮೇಲೆ ಅಂಗಮಾರಿಯ ಕಂದು ಚುಕ್ಕೆ ಕಾಣಿಸಿಕೊಂಡಿತು. ಅರ್ಧ ಎಕರೆಗೆ ಒಂದು ಸಲ ಔಷಧಿ ಹೊಡೆಯಲು ಸುಮಾರು ನೂರು ಲೀಟರ್ ನೀರು ಬೇಕು. ಅಂದರೆ ಹದಿನಾರು ಲೀಟರ್ ಕ್ಯಾನನ್ನು ಆರೇಳು ಸಲ ತುಂಬಿ ಬೆನ್ನಿಗೆ ಹಾಕಬೇಕು. ಕೈಯಲ್ಲಿ ಪಂಪ್ ಹೊಡೆಯುವ ಹಳೆಯ ಸ್ಪ್ರೇಯರ್ ಅವರ ಭುಜ ಬೀಳಿಸಿಬಿಟ್ಟಿತ್ತು. ಬ್ಯಾಟರಿ ಸ್ಪ್ರೇಯರ್ ತಗೊಳ್ಳೋಣ ಅಂತ ತೀರ್ಮಾನವಾಯಿತು. ಪಿಯುಸಿ ಓದುವ ಮಗಳು, "ಅಪ್ಪಾ, ಆನ್‌ಲೈನ್‌ನಲ್ಲಿ ಕಡಿಮೆಗೆ ಸಿಗುತ್ತೆ" ಎಂದಳು. ಹದಿನಾರು ಲೀಟರಿನದು, ಹನ್ನೆರಡು ವೋಲ್ಟ್ ಬ್ಯಾಟರಿ, ಬೆಲೆ 2,450 ರೂಪಾಯಿ. ಪಾರ್ಸೆಲ್ ಬಂದ ಮೇಲೆ ದುಡ್ಡು ಕೊಡುವ ಕ್ಯಾಶ್ ಆನ್ ಡೆಲಿವರಿ. ದೊಡ್ಡಪ್ಪನ ಹೆಸರಿನಲ್ಲಿ, ದೊಡ್ಡಪ್ಪನ ಫೋನಿನಿಂದ ಆದ ಮೊದಲ ಆನ್‌ಲೈನ್ ಆರ್ಡರ್ ಅದು.

ಆ ಆರ್ಡರ್ ಕೆಟ್ಟಿದ್ದು ಎಲ್ಲಿ, ಮತ್ತೆ ಸರಿಯಾಗಿದ್ದು ಹೇಗೆ ಅನ್ನುವುದನ್ನು ವಿವರವಾಗಿ ಬರೆಯುತ್ತಿದ್ದೇನೆ. ನಾನು ಹೋಬಳಿಯಲ್ಲಿ ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಅಂಗಡಿ ನಡೆಸುತ್ತೇನೆ. ಇಂಥ ದೂರು ಹೊತ್ತುಕೊಂಡು ಬರುವವರು ತುಂಬಾ ಜನ. ಹೆಚ್ಚಿನವರ ದುಡ್ಡು ಸಿಕ್ಕಿಹಾಕಿಕೊಳ್ಳುವುದು ಒಂದೇ ಜಾಗದಲ್ಲಿ. ಆ ಜಾಗವನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಪ್ರಕರಣವನ್ನು ನಾನು ಬೇರೆ ನೋಡಿಲ್ಲ.

ಪಾರ್ಸೆಲ್ ಬಂದ ದಿನ

ನಮ್ಮ ಊರಿನ ತನಕ ಡೆಲಿವರಿ ಹುಡುಗರು ಬರುವುದು ಕಡಿಮೆ. ಹೋಬಳಿಗೆ ಬಂದು ಫೋನ್ ಮಾಡುತ್ತಾರೆ, ನಾವೇ ಹೋಗಿ ತರಬೇಕು. ದೊಡ್ಡಪ್ಪ ಬಸ್ ಸ್ಟ್ಯಾಂಡ್ ಹತ್ತಿರ ಹೋಗಿ ದುಡ್ಡು ಎಣಿಸಿ ಕೊಟ್ಟರು. ಫೋನಿಗೆ ಬಂದಿದ್ದ ಒಟಿಪಿ ಹೇಳಿದರು. ಡಬ್ಬ ಬೈಕಿನ ಹಿಂದೆ ಕಟ್ಟಿಕೊಂಡು ಮನೆಗೆ ಬಂದರು. ಎತ್ತಿದಾಗಲೇ ಹಗುರ ಅನ್ನಿಸಿತ್ತಂತೆ. ಎಲ್ಲಾ ಪ್ಲಾಸ್ಟಿಕ್ ಇರಬೇಕು, ಅದಕ್ಕೇ ಹೀಗೆ ಅಂದುಕೊಂಡರು. ಆ ಥರದ ಸ್ಪ್ರೇಯರ್‌ನ ಬ್ಯಾಟರಿಯೊಂದೇ ಎರಡು ಕೆಜಿಗಿಂತ ಜಾಸ್ತಿ ತೂಗುತ್ತದೆ. ಡಬ್ಬದ ಮೇಲಿನ ಚೀಟಿಯಲ್ಲಿ ತೂಕ ಆರು ಕೆಜಿ ಅಂತ ಅಚ್ಚಾಗಿತ್ತು. ಕೈಗೆ ಸಿಕ್ಕಿದ್ದು ಅದರ ಅರ್ಧವೂ ಇರಲಿಲ್ಲ.

ಮನೆಯಲ್ಲಿ ಟೇಪ್ ಕತ್ತರಿಸಿ ನೋಡಿದರೆ ಕಳೆ ಕತ್ತರಿಸುವ ಬ್ರಷ್ ಕಟರ್‌ನ ಸಾಮಾನು. ಭುಜಕ್ಕೆ ಹಾಕುವ ಬೆಲ್ಟ್, ಒಂದು ದುಂಡನೆಯ ಬ್ಲೇಡ್, ಒಂದು ಸುತ್ತು ನೈಲಾನ್ ದಾರ. ಯಂತ್ರವೂ ಇಲ್ಲ, ಸ್ಪ್ರೇಯರ್ ಅಂತೂ ಮೊದಲೇ ಇಲ್ಲ. ದೊಡ್ಡಮ್ಮ, "ದುಡ್ಡು ಕೊಡೋಕೆ ಮುಂಚೆ ಬಿಚ್ಚಿ ನೋಡಬಾರದಿತ್ತಾ?" ಎಂದರು. ದುಡ್ಡು ಕೊಡದೆ ಬಿಚ್ಚಲು ಆ ಹುಡುಗ ಬಿಡುತ್ತಿರಲಿಲ್ಲ. ಮುಂದೆಯೇ ಬಿಚ್ಚಿ ತೋರಿಸಿ, ಆಮೇಲೆ ಒಟಿಪಿ ಕೇಳುವ ಓಪನ್ ಬಾಕ್ಸ್ ಡೆಲಿವರಿ ಕೆಲವು ಸಾಮಾನಿಗೆ, ಕೆಲವು ಊರಿಗೆ ಮಾತ್ರ ಇದೆ. ಈ ಆರ್ಡರಿಗೆ ಅದು ಇರಲಿಲ್ಲ.

ಎರಡು ಅಡ್ಡದಾರಿ

ಮಗಳು ಆ್ಯಪ್ ತೆಗೆದು ವಾಪಸ್ ಕೊಡುವ ಗುಂಡಿ ಒತ್ತಿದಳು. ಕಾರಣ ಏನು ಅಂತ ಒಂದು ಪಟ್ಟಿ ಬಂತು. ಮೊದಲಿಗೆ ಕಂಡ "ಇಷ್ಟವಾಗಲಿಲ್ಲ" ಅನ್ನುವುದನ್ನೇ ಆರಿಸಿದಳು. ಯಾವ ಕಾರಣ ಕೊಟ್ಟರೇನು, ವಾಪಸ್ ಹೋದರೆ ಸಾಕು ಅಂದುಕೊಂಡಿದ್ದಳು. ಎರಡು ದಿನ ಬಿಟ್ಟು ಪಾರ್ಸೆಲ್ ಒಯ್ಯಲು ಹುಡುಗ ಬಂದ. ಅವನ ಮೊಬೈಲಿನಲ್ಲಿ ಸ್ಪ್ರೇಯರ್ ಫೋಟೊ ಇತ್ತು. ಡಬ್ಬದಲ್ಲಿ ಬೆಲ್ಟ್. "ಇದು ಅದಲ್ಲ ಸಾರ್, ನಾನು ತಗೊಳ್ಳೋಕೆ ಆಗಲ್ಲ" ಅಂತ ಹೇಳಿ ಹೊರಟೇ ಹೋದ. ಸಂಜೆ ಮೆಸೇಜ್ ಬಂತು, ನಿಮ್ಮ ವಾಪಸಾತಿ ರದ್ದಾಗಿದೆ ಅಂತ.

ಜನ ಸಿಕ್ಕಿಹಾಕಿಕೊಳ್ಳುವ ಜಾಗ ಇದೇ. ಆ ಹುಡುಗನ ಮೇಲೆ ಸಿಟ್ಟಾಗಿ ಉಪಯೋಗವಿಲ್ಲ. ಅವನ ಕೆಲಸ ಫೋಟೊಗೂ ಸಾಮಾನಿಗೂ ತಾಳೆ ನೋಡುವುದು. ಮೊಬೈಲ್ ಬುಕ್ ಮಾಡಿ, ವಾಪಸ್ ಕೊಡುವಾಗ ಡಬ್ಬದಲ್ಲಿ ಸೋಪಿಟ್ಟು ಮೋಸ ಮಾಡುವವರೂ ಇದ್ದಾರಲ್ಲ, ಅವರನ್ನು ಹಿಡಿಯಲು ಇಟ್ಟ ತಪಾಸಣೆ ಇದು. ಆದರೆ ನಿಜವಾಗಿಯೂ ತಪ್ಪು ಸಾಮಾನು ಬಂದವನಿಗೆ ಅದೇ ತಪಾಸಣೆ ಗೋಡೆಯಾಗಿ ನಿಲ್ಲುತ್ತದೆ. ಬಂದದ್ದು ಬೇರೆ ಸಾಮಾನು, ಆದ್ದರಿಂದ ವಾಪಸ್ ಕೊಡಬೇಕು. ಬಂದದ್ದು ಬೇರೆ ಸಾಮಾನು, ಆದ್ದರಿಂದಲೇ ವಾಪಸ್ ತಗೊಳ್ಳುವುದಿಲ್ಲ. ಕಂಪ್ಯೂಟರಿನಲ್ಲಿ ಸರಿಯಾದ ಕಾರಣ ಕೂರದ ತನಕ ಎಷ್ಟು ಹುಡುಗರು ಬಂದರೂ ಹೀಗೇ ಹಿಂತಿರುಗುತ್ತಾರೆ.

ಎರಡನೇ ಅಡ್ಡದಾರಿ ಇನ್ನೂ ಅಪಾಯದ್ದು. ಪಕ್ಕದ ಮನೆಯ ಹುಡುಗ ಇಂಟರ್ನೆಟ್‌ನಲ್ಲಿ ಹುಡುಕಿ ಒಂದು ಕಸ್ಟಮರ್ ಕೇರ್ ನಂಬರ್ ತೆಗೆದುಕೊಟ್ಟ. ಫೋನ್ ಎತ್ತಿದವನು ಬಹಳ ಮರ್ಯಾದೆಯಿಂದ ಮಾತಾಡಿದ. ಆರ್ಡರ್ ನಂಬರ್ ಕೇಳಲೇ ಇಲ್ಲ. ಒಂದು ಆ್ಯಪ್ ಹಾಕಿಕೊಳ್ಳಿ, ನಿಮ್ಮ ಸ್ಕ್ರೀನ್ ನಮಗೆ ಕಾಣುತ್ತೆ, ಆಮೇಲೆ ಹತ್ತು ರೂಪಾಯಿ ಕಳಿಸಿ ಪಿನ್ ಒತ್ತಿದರೆ ಪೂರ್ತಿ ದುಡ್ಡು ವಾಪಸ್ ಬರುತ್ತೆ ಎಂದ. ಮಗಳು ಫೋನ್ ಕಿತ್ತುಕೊಂಡು ಕಟ್ ಮಾಡಿದಳು. ಒಳ್ಳೆಯ ಕೆಲಸ ಮಾಡಿದಳು. ದುಡ್ಡು ಬರಲು ಯುಪಿಐ ಪಿನ್ ಹಾಕಬೇಕಾಗಿಲ್ಲ, ಪಿನ್ ಇರುವುದು ದುಡ್ಡು ಹೋಗಲು. ಹೀಗೆ ದುಡ್ಡು ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಎಷ್ಟು ಬೇಗ ಮಾಡಿದರೆ ದುಡ್ಡನ್ನು ನಡುದಾರಿಯಲ್ಲಿ ತಡೆಯುವ ಅವಕಾಶ ಅಷ್ಟು ಜಾಸ್ತಿ.

ಅಲ್ಲಿಗೆ ಡಬ್ಬ ನನ್ನ ಅಂಗಡಿಗೆ ಬಂತು. ನಾನು ಮಾಡಿದ್ದು ಎರಡೇ ಕೆಲಸ. ವಾಪಸ್ ಕೊಡಲು ಇನ್ನೂ ದಿನ ಉಳಿದಿದೆಯಾ ಅಂತ ನೋಡಿದೆ. ಈ ಸಾಮಾನಿಗೆ ಏಳು ದಿನದ ಗಡುವು ಇತ್ತು, ಕೈಗೆ ಸಿಕ್ಕಿದ ದಿನದಿಂದ ಲೆಕ್ಕ. ಗಡುವು ಮುಗಿದಿರಲಿಲ್ಲ. ಆಮೇಲೆ ಆ್ಯಪ್ ಒಳಗೇ, ಆ ಆರ್ಡರ್ ತೆರೆದು, ಸಹಾಯದ ಪುಟಕ್ಕೆ ಹೋಗಿ, "ನನಗೆ ಕರೆ ಮಾಡಿ" ಅನ್ನುವುದನ್ನು ಒತ್ತಿ ಭಾಷೆ ಕನ್ನಡ ಅಂತ ಆರಿಸಿದೆ. ಹೀಗೆ ಮಾಡಿದರೆ ಅವರೇ ಫೋನ್ ಮಾಡುತ್ತಾರೆ, ಯಾವ ಆರ್ಡರ್ ಅನ್ನುವುದು ಅವರ ಎದುರಿಗೇ ಇರುತ್ತದೆ.

ಆ ಫೋನ್ ಕರೆ

ಕರೆ ಬರುವಷ್ಟರಲ್ಲಿ ದೊಡ್ಡಪ್ಪ ಡಬ್ಬ ತಗೊಂಡು ಮನೆಗೆ ಹೋಗಿಬಿಟ್ಟಿದ್ದರು. ನಾನೂ ಹಿಂದೆಯೇ ಹೋಗಿದ್ದೆ. ಅವರ ಮನೆಯೊಳಗೆ ಸಿಗ್ನಲ್ ಸಿಗುವುದಿಲ್ಲ, ತಾರಸಿ ಮೇಲೆ ನಿಂತೇ ಮಾತಾಡಬೇಕು. ಸ್ಪೀಕರ್ ಹಾಕಿದರು. ಮಾತಾಡಿದ ಹೆಣ್ಣುಮಗಳ ಕನ್ನಡದಲ್ಲಿ ಉತ್ತರ ಕರ್ನಾಟಕದ ಕಡೆಯ ಎಳೆ ಇತ್ತು.

ದೊಡ್ಡಪ್ಪ ಮಳೆಯಿಂದ ಶುರುಮಾಡಿದರು. ಟೊಮೆಟೊ, ಅಂಗಮಾರಿ, ಭುಜ ನೋವು, ಬಂದು ವಾಪಸ್ ಹೋದ ಹುಡುಗ, ಹತ್ತು ರೂಪಾಯಿ ಕೇಳಿದವನು, ಎಲ್ಲವೂ ಬಂತು. ಆಕೆ ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಮೊದಲು ಕೇಳಿದ್ದು ಹೀಗೆ.

"ಸರ್, ಲೈನ್ ಕಟ್ಟಾದ್ರೆ ನಾನು ಇನ್ಯಾವ ನಂಬರ್‌ಗೆ ಮಾಡ್ಲಿ?"

ಮಗಳ ನಂಬರ್ ಕೊಟ್ಟರು. ಮುಂದೆ ಒಮ್ಮೆ ಲೈನ್ ಕಟ್ಟಾಯಿತು ಕೂಡ. ಆಕೆ ಆ ನಂಬರಿಗೆ ಮಾಡಿ, ನಿಂತಲ್ಲಿಂದಲೇ ಮಾತು ಮುಂದುವರಿಸಿದರು. ಇಲ್ಲದಿದ್ದರೆ ಹೊಸದಾಗಿ ಕರೆ ಹಾಕಿ, ಬೇರೆ ಯಾರಿಗೋ ಮಳೆಯಿಂದಲೇ ಶುರುಮಾಡಬೇಕಾಗುತ್ತಿತ್ತು.

"ಡಬ್ಬ ಈಗ ನಿಮ್ಮ ಎದುರಿಗೆ ಇದೆಯಾ ಸರ್?"

"ಕೆಳಗಿದೆ ಕಣಮ್ಮ. ನಾನು ತಾರಸಿ ಮೇಲಿದ್ದೀನಿ."

"ತರಿಸ್ಕೊಳ್ಳಿ. ಆತುರ ಇಲ್ಲ, ನಾನು ಲೈನಲ್ಲೇ ಇರ್ತೀನಿ."

ಮಗಳು ಡಬ್ಬ ಹೊತ್ತು ತಂದಳು.

"ಡಬ್ಬದ ಮೇಲೆ ಬಿಳಿ ಚೀಟಿ ಅಂಟಿಸಿದ್ದಾರೆ ನೋಡಿ, ಕಪ್ಪು ಗೆರೆ ಇರೋದು. ಅದರಲ್ಲಿ ಯಾರ ಹೆಸರಿದೆ?"

"ನಂದೇ. ಊರೂ ನಮ್ಮದೇ."

"ಗೆರೆ ಕೆಳಗೆ ಒಂದು ಉದ್ದ ನಂಬರ್ ಇದೆ. ಎರಡೆರಡು ಅಂಕಿ ಓದಿ, ನಾನು ಹಿಂದೆ ಹೇಳ್ತೀನಿ."

ದೊಡ್ಡಪ್ಪ ಓದಿದರು, ಆಕೆ ಹಿಂದೆಯೇ ಹೇಳಿದರು. ನಂಬರ್ ಸರಿಯಿತ್ತು.

"ಈಗ ಒಳಗೆ ಬಿಲ್ ಇರುತ್ತೆ, ಮಡಚಿಟ್ಟ ಕಾಗದ. ಅದರಲ್ಲಿ ಯಾರ ಹೆಸರಿದೆ ನೋಡಿ."

ಅಷ್ಟು ದಿನದಲ್ಲಿ ನಾವು ಯಾರೂ ಆ ಕಾಗದ ಬಿಡಿಸಿ ನೋಡಿರಲಿಲ್ಲ. ಮಗಳು ಬಿಡಿಸಿದಳು. ಬಿಲ್ ದಾವಣಗೆರೆ ಕಡೆಯ ಯಾರದೋ ಹೆಸರಿನಲ್ಲಿತ್ತು. ಸಾಮಾನು, ಬ್ರಷ್ ಕಟರ್ ಬೆಲ್ಟ್ ಮತ್ತು ಬ್ಲೇಡ್. ಮಾರಿದವರ ಹೆಸರು ಮಾತ್ರ ನಮ್ಮ ಆರ್ಡರಿನಲ್ಲಿ ಇದ್ದದ್ದೇ.

ಆಕೆಗೆ ಅಷ್ಟೇ ಸಾಕಾಯಿತು. ತಪ್ಪು ಪಾರ್ಸೆಲ್ ಅಂದರೆ ಮೂರು ಥರ ಆಗಿರಬಹುದು. ಹೊರಗಿನ ಚೀಟಿಯಲ್ಲೂ ಬೇರೆಯವರ ಹೆಸರಿದ್ದರೆ ಡೆಲಿವರಿ ಹುಡುಗ ಪಾರ್ಸೆಲ್ ಅದಲುಬದಲು ಮಾಡಿದ್ದಾನೆ. ಹೊರಗೂ ಒಳಗೂ ನಮ್ಮದೇ ಹೆಸರಿದ್ದು ಸಾಮಾನು ಮಾತ್ರ ಬೇರೆಯಾಗಿದ್ದರೆ ಗೋದಾಮಿನಲ್ಲಿ ತಪ್ಪು ಸಾಮಾನು ಎತ್ತಿ ಹಾಕಿರಬಹುದು, ಇಲ್ಲವೇ ದಾರಿಯಲ್ಲಿ ಯಾರೋ ಬದಲಾಯಿಸಿರಬಹುದು. ಹೊರಗೆ ನಮ್ಮ ಹೆಸರು, ಒಳಗೆ ಇನ್ನೊಬ್ಬರ ಬಿಲ್ ಇದ್ದರೆ ಚೀಟಿ ಅಂಟಿಸುವಾಗ ಎರಡು ಡಬ್ಬ ಅದಲುಬದಲಾಗಿವೆ. ನಮ್ಮದು ಮೂರನೆಯದು. ಚೀಟಿ ಮೇಲಿನ ಆರು ಕೆಜಿ ಸ್ಪ್ರೇಯರ್‌ನದು. ಆ ಸ್ಪ್ರೇಯರ್ ಬಹುಶಃ ದಾವಣಗೆರೆ ಕಡೆ ಯಾರದೋ ಮನೆಯಲ್ಲಿ ಕೂತಿರುತ್ತದೆ.

ಇದು ಗೊತ್ತಾದ ಕೂಡಲೇ ದೊಡ್ಡಪ್ಪನಿಗೆ ಒಂದು ಉಪಾಯ ಹೊಳೆಯಿತು.

"ಹಂಗಿದ್ರೆ ಬಿಡಮ್ಮ, ಹೆಸರು, ಊರು ಎರಡೂ ಸಿಕ್ತಲ್ಲ. ಅವರ ಸಾಮಾನು ನಾನೇ ಬಸ್ಸಿಗೆ ಹಾಕ್ತೀನಿ, ನಂದು ಅವರು ಕಳಿಸ್ಲಿ."

ಹಳ್ಳಿಯಲ್ಲಿ ಬೆಳೆದವರಿಗೆ ಇದು ಸಹಜವಾದ ದಾರಿ. ಆಕೆ ನಗಲಿಲ್ಲ, ಗದರಲೂ ಇಲ್ಲ.

"ನಿಮ್ಮ ಮನಸ್ಸು ದೊಡ್ಡದು ಸರ್. ಆದ್ರೆ ಆ ಬೆಲ್ಟ್ ನಿಮ್ಮ ಕೈಬಿಟ್ಟು ಹೋದ್ರೆ ನಾಳೆ ನಾವು ಒಯ್ಯೋಕೆ ನಿಮ್ಮ ಹತ್ರ ಏನೂ ಇರಲ್ಲ. ಅವರು ಸ್ಪ್ರೇಯರ್ ಈಗಾಗ್ಲೇ ವಾಪಸ್ ಕೊಟ್ಟಿದ್ರೆ ನಿಮಗೆ ಎರಡೂ ಇಲ್ಲ. ಡಬ್ಬ ಹಂಗೇ ಇಟ್ಕೊಳ್ಳಿ. ಬ್ಲೇಡ್ ಬಳಸ್ಬೇಡಿ, ಬಿಲ್ ಬಿಸಾಕ್ಬೇಡಿ."

ಅವರ ಮಾತು ಸರಿ. ಎಷ್ಟೋ ಜನ ತಪ್ಪಿ ಬಂದ ಸಾಮಾನನ್ನು ಒಮ್ಮೆ ಬಳಸಿಯೇ ಬಿಡುತ್ತಾರೆ, ಇಲ್ಲವೇ ಡಬ್ಬವನ್ನು ಒಲೆಗೆ ಹಾಕುತ್ತಾರೆ. ಆಮೇಲೆ ಹೊರಗಿನ ಚೀಟಿಯೂ ಇಲ್ಲ, ಒಳಗಿನ ಬಿಲ್ಲೂ ಇಲ್ಲ. ಯಾವ ಥರದ ತಪ್ಪು ಅನ್ನುವುದನ್ನು ತೋರಿಸಲು ಏನೂ ಉಳಿಯುವುದಿಲ್ಲ.

ಆಮೇಲೆ ಆಕೆ ಹಿಂದಿನ ವಾಪಸಾತಿ ಏಕೆ ರದ್ದಾಯಿತು ಅಂತ ತೆಗೆದು ನೋಡಿದರು. ಕಾರಣ ಇಷ್ಟವಾಗಲಿಲ್ಲ, ಹುಡುಗ ಬರೆದ ಷರಾ ಸಾಮಾನು ತಾಳೆಯಾಗುತ್ತಿಲ್ಲ. ಈ ಎರಡನ್ನು ಒಟ್ಟಿಗೆ ಓದಿದರೆ ಗ್ರಾಹಕನೇ ಸಾಮಾನು ಬದಲಾಯಿಸಿ ಕೊಡಲು ನೋಡುತ್ತಿದ್ದಾನೆ ಅಂತ ಕಾಣುತ್ತದೆ. ಅದನ್ನು ಆಕೆ ಬಾಯಿಬಿಟ್ಟು ಹೇಳಲಿಲ್ಲ. "ಕಾರಣ ತಪ್ಪಾಗಿ ಒತ್ತಿದೆ ಸರ್, ಅದನ್ನ ಬದಲಾಯಿಸೋಣ" ಎಂದರು ಅಷ್ಟೇ. ಹೊಸ ದೂರು ತೆರೆದು ಕಾರಣದಲ್ಲಿ "ಬೇರೆ ಸಾಮಾನು ಬಂದಿದೆ" ಅಂತ ಹಾಕಿದರು. ಮಗಳಿಗೆ ಮೂರು ಫೋಟೊ ಹೇಳಿದರು: ಚೀಟಿ ಪೂರ್ತಿ ಕಾಣುವ ಹಾಗೆ ಡಬ್ಬ, ಹೆಸರು ಓದಲು ಬರುವ ಹಾಗೆ ಬಿಲ್, ಬೆಲ್ಟ್ ಬ್ಲೇಡ್ ದಾರ ಒಂದೇ ಕಡೆ ಹರಡಿದ ಹಾಗೆ. ಆ್ಯಪ್ ಒಳಗೇ ಹಾಕಲು ದಾರಿ ತೋರಿಸಿದರು. ಮೊದಲನೆಯ ಬಿಲ್ ಫೋಟೊ ಮಸುಕಾಗಿತ್ತು. ಬಿಸಿಲಿಗೆ ಹಿಡಿದು ಮತ್ತೆ ತೆಗೆಸಿದರು.

ಕೊನೆಗೆ ದೂರಿನ ನಂಬರ್ ಕೊಟ್ಟರು. ದೊಡ್ಡಪ್ಪ ಅದನ್ನು ಗೋಡೆ ಕ್ಯಾಲೆಂಡರಿನ ಅಂಚಿನಲ್ಲಿ ಬರೆಸಿಕೊಂಡರು. ಇಡೀ ಕರೆಯಲ್ಲಿ ಆಕೆ ಒಟಿಪಿ ಕೇಳಲಿಲ್ಲ, ಬ್ಯಾಂಕ್ ಖಾತೆ ನಂಬರ್ ಕೇಳಲಿಲ್ಲ, ಯಾವ ಆ್ಯಪನ್ನೂ ಹಾಕಿಸಲಿಲ್ಲ.

ತಾಳ್ಮೆ ಅಂದರೆ ಮೆತ್ತಗೆ ಮಾತಾಡುವುದು ಅಂತ ಅನೇಕರು ತಿಳಿದಿದ್ದಾರೆ. ಹತ್ತು ರೂಪಾಯಿ ಕೇಳಿದವನೂ ಮೆತ್ತಗೇ ಮಾತಾಡಿದ್ದ. ಈ ಹೆಣ್ಣುಮಗಳ ತಾಳ್ಮೆ ಬೇರೆ. ದೊಡ್ಡಪ್ಪನಿಗೆ ಗೊತ್ತಿಲ್ಲದ ಪದ ಒಂದನ್ನೂ ಬಳಸದೆ, ಅವರ ಕಣ್ಣೆದುರು ಇದ್ದ ಚೀಟಿ, ಕಾಗದ, ಡಬ್ಬ ಇಷ್ಟನ್ನೇ ಕೇಳಿ ಉತ್ತರ ತೆಗೆದರು. ಟ್ರ್ಯಾಕಿಂಗ್ ಐಡಿ ಹೇಳಿ ಅಂದಿದ್ದರೆ ದೊಡ್ಡಪ್ಪ ಅಲ್ಲೇ ನಿಂತುಬಿಡುತ್ತಿದ್ದರು.

ಆಮೇಲೆ ಆದದ್ದು

ಎರಡನೇ ಸಲ ಬಂದ ಹುಡುಗನ ಮೊಬೈಲಿನಲ್ಲಿ ತಪ್ಪು ಸಾಮಾನು ಅಂತ ಗುರುತಿತ್ತು. ನಾವು ಹಾಕಿದ ಬೆಲ್ಟಿನ ಫೋಟೊಗೇ ತಾಳೆ ನೋಡಿ ಡಬ್ಬ ಒಯ್ದ. ಒಯ್ದಿದ್ದಕ್ಕೆ ಮೆಸೇಜ್ ಬರುವ ತನಕ ಅವನನ್ನು ಬಿಡಬಾರದು. ದೊಡ್ಡಪ್ಪ ಕಾಫಿ ಕೊಟ್ಟು ಕೂರಿಸಿಕೊಂಡಿದ್ದರು, ಮೆಸೇಜ್ ಬಂತು.

ಎಲ್ಲವೂ ಸುಸೂತ್ರವಾಗಿ ಮುಗಿಯಲಿಲ್ಲ. ದೊಡ್ಡಪ್ಪನಿಗೆ ಬೇಕಾಗಿದ್ದು ದುಡ್ಡಲ್ಲ, ಸ್ಪ್ರೇಯರ್. ಬದಲಿ ಕೇಳಿದ್ದೆವು. ಅಷ್ಟರಲ್ಲಿ ಆ ಮಾದರಿ ಮಾರಾಟಗಾರರ ಹತ್ತಿರ ಮುಗಿದಿತ್ತು, ಆದ್ದರಿಂದ ದುಡ್ಡೇ ವಾಪಸ್ ಅಂತ ಆಯಿತು. ಕೈಯಲ್ಲಿ ಕೊಟ್ಟ ದುಡ್ಡು ಕೈಗೆ ಬರುವುದಿಲ್ಲ, ಬ್ಯಾಂಕ್ ಖಾತೆಗೆ ಬರುತ್ತದೆ. ಆ್ಯಪ್ ಒಳಗೆ ಖಾತೆ ನಂಬರ್ ಮತ್ತು ಐಎಫ್‌ಎಸ್‌ಸಿ ಕೋಡ್ ತುಂಬಬೇಕು. ದೊಡ್ಡಪ್ಪನ ಪಾಸ್‌ಬುಕ್ ಹಳೆಯದು, ಸಿಂಡಿಕೇಟ್ ಬ್ಯಾಂಕ್ ಕಾಲದ್ದು. ಅದರಲ್ಲಿದ್ದ SYNB ಅಂತ ಶುರುವಾಗುವ ಕೋಡನ್ನು ಆ್ಯಪ್ ಒಪ್ಪಲಿಲ್ಲ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕ್ ಜೊತೆ ಸೇರಿತು. ಹಳೆಯ ಕೋಡುಗಳು 2021ರ ಜುಲೈನಿಂದ ನಡೆಯುವುದಿಲ್ಲ, ಈಗಿನದು CNRB ಅಂತ ಶುರುವಾಗುತ್ತದೆ. ಶಾಖೆಗೆ ಹೋಗಿ ಹೊಸ ಕೋಡ್ ಬರೆಸಿಕೊಂಡು ಬಂದು ತುಂಬಿದೆವು. ಖಾತೆ ನಂಬರನ್ನು ಮಗಳು ಓದಿ, ನಾನು ತುಂಬಿ, ದೊಡ್ಡಪ್ಪ ಪಾಸ್‌ಬುಕ್ ಹಿಡಿದು ತಾಳೆ ನೋಡಿದರು. ಒಂದು ಅಂಕಿ ತಪ್ಪಿದರೂ ದುಡ್ಡು ಇನ್ನೊಬ್ಬರ ಖಾತೆಗೆ ಹೋಗಿ ಕೂರಬಹುದು.

ದುಡ್ಡಿಗೆ ಕಾಯುವಾಗ ದೊಡ್ಡಪ್ಪ ನನ್ನನ್ನು ಕೇಳಿದರು, "ಇವರು ಕೊಡದೇ ಹೋದ್ರೆ ನಾವು ಯಾರ ಹತ್ರ ಹೋಗೋದು?" ಅದಕ್ಕೂ ದಾರಿಯಿದೆ. ಗ್ರಾಹಕ ಸಂರಕ್ಷಣೆಯ ಇ-ಕಾಮರ್ಸ್ ನಿಯಮಗಳು 2020ರಲ್ಲಿ ಬಂದವು. ಹೇಳಿದ ಸಾಮಾನಿನ ಬದಲು ಬೇರೆ ಥರದ್ದು ಬಂದರೆ ಮಾರಾಟಗಾರ ವಾಪಸ್ ತಗೊಳ್ಳುವುದಿಲ್ಲ ಅನ್ನುವ ಹಾಗಿಲ್ಲ. ಆನ್‌ಲೈನ್ ಮಾರುಕಟ್ಟೆ ನಡೆಸುವ ಕಂಪನಿ ಪ್ರತಿ ದೂರಿಗೂ ಒಂದು ನಂಬರ್ ಕೊಡಬೇಕು. ಆ ಕಂಪನಿಯ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದೆ ಅಂತ ತಿಳಿಸಿ, ಒಂದು ತಿಂಗಳೊಳಗೆ ಬಗೆಹರಿಸಬೇಕು. ಆಗಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಅಲ್ಲಿಯೂ ಆರ್ಡರ್ ನಂಬರ್, ದೂರಿನ ನಂಬರ್, ಫೋಟೊ ಇವನ್ನೇ ಕೇಳುತ್ತಾರೆ. ಕ್ಯಾಲೆಂಡರಿನ ಅಂಚಿನಲ್ಲಿ ಬರೆದದ್ದು ಆಗ ಕೆಲಸಕ್ಕೆ ಬರುತ್ತದೆ.

ನಮಗೆ ಅಷ್ಟು ದೂರ ಹೋಗಬೇಕಾಗಲಿಲ್ಲ. 2,450 ರೂಪಾಯಿ ಪೂರ್ತಿ ಖಾತೆಗೆ ಬಂತು. ಆದರೆ ಅಂಗಮಾರಿ ಯಾರಿಗೂ ಕಾಯುವುದಿಲ್ಲ ಅಲ್ವಾ? ಆ ದಿನಗಳಲ್ಲಿ ಪಕ್ಕದ ಹೊಲದವರ ಸ್ಪ್ರೇಯರ್ ಎರವಲು ತಂದು ಔಷಧಿ ಹೊಡೆದೆವು. ಬದುವಿನ ಕಡೆಯ ಎರಡು ಸಾಲು ಹೋದವು, ಉಳಿದದ್ದು ನಿಂತಿತು. ಇದಕ್ಕೆ ಯಾರೂ ಪರಿಹಾರ ಕೊಡಲಿಲ್ಲ, ನಾವು ಕೇಳಲೂ ಇಲ್ಲ. ಹೊಲದಲ್ಲಿ ಈಗಲೇ ಬೇಕಾದ ಸಾಮಾನನ್ನು ಆನ್‌ಲೈನ್‌ನಲ್ಲಿ ತರಿಸುವ ಮುಂಚೆ ಈ ಲೆಕ್ಕವನ್ನೂ ಹಾಕಿಕೊಳ್ಳಬೇಕು ಅನ್ನುವುದು ನನ್ನ ಅಭಿಪ್ರಾಯ.

ಸ್ಪ್ರೇಯರನ್ನು ದೊಡ್ಡಪ್ಪ ಅರಸೀಕೆರೆಯ ಅಂಗಡಿಯಲ್ಲಿ ತಗೊಂಡರು. ಬೆಲೆ ಸ್ವಲ್ಪ ಜಾಸ್ತಿಯಾಯಿತು, ಆದರೆ ನೀರು ತುಂಬಿ ಚಾಲೂ ಮಾಡಿ ತೋರಿಸಿದರು. ಮುಂದಿನ ತಿಂಗಳು ಮಗಳ ಪರೀಕ್ಷೆಯ ಪುಸ್ತಕವನ್ನು ಆನ್‌ಲೈನ್‌ನಲ್ಲೇ ತರಿಸಿದರು. ಪಾರ್ಸೆಲ್ ಬಿಚ್ಚುವಾಗ ನನ್ನ ಅಂಗಡಿಯಲ್ಲೇ ಇದ್ದರು. ಟೇಪ್ ಕತ್ತರಿಸುವ ಮುಂಚೆ ಮಗಳಿಗೆ ವಿಡಿಯೊ ಆನ್ ಮಾಡಲು ಹೇಳಿ, ಹೊರಗಿನ ಚೀಟಿಯಲ್ಲಿದ್ದ ಹೆಸರನ್ನು ಗಟ್ಟಿಯಾಗಿ ಓದಿದರು.